113 ಪರ್ಸೆಂಟ್ ಇಳುವರಿ ಬಂದ ಆಸ್ಪಿರಿನ್: ಒಂದು ಲ್ಯಾಬ್ ರಿಪೋರ್ಟಿನ ಡಿಸ್ಕಷನ್ ತಿದ್ದಿದ ಬಗೆ

ಅಕ್ಕನ ಮಗ ಟೊರಾಂಟೊದಲ್ಲಿ ಡಿಗ್ರಿ ಮೊದಲ ವರ್ಷ ಓದುತ್ತಿದ್ದಾನೆ. ಒಂದು ಭಾನುವಾರ ಬೆಳಿಗ್ಗೆ ಅವನ ಮೆಸೇಜ್ ಬಂತು. "ಚಿಕ್ಕಮ್ಮಾ, ಲ್ಯಾಬಲ್ಲಿ ಆಸ್ಪಿರಿನ್ ಮಾಡಿದ್ವಿ. ನಂದು 113 ಪರ್ಸೆಂಟ್ ಬಂದಿದೆ. ಡಿಸ್ಕಷನ್ ಬರೆದಿದ್ದೀನಿ, ಏನೋ ಸರಿ ಇಲ್ಲ ಅನ್ಸ್ತಿದೆ. ಒಂದ್ಸಲ ನೋಡ್ತೀರಾ?"

ನಾನು ಡಿಗ್ರಿ ಕಾಲೇಜಿನಲ್ಲಿ ತುಂಬಾ ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು. ನಮ್ಮಲ್ಲಿ ರೆಕಾರ್ಡ್ ಪುಸ್ತಕದಲ್ಲಿ ಉದ್ದೇಶ, ತತ್ವ, ವಿಧಾನ, ಲೆಕ್ಕ ಬರೆದು, ಕೊನೆಗೆ ಫಲಿತಾಂಶ ಅಂತ ಒಂದು ಸಾಲು ಹಾಕಿದರೆ ಮುಗಿಯಿತು. ಬಂದ ಉತ್ತರ ಯಾಕೆ ಹಾಗೆ ಬಂತು ಅಂತ ಮಕ್ಕಳನ್ನು ನಾವು ಬರವಣಿಗೆಯಲ್ಲಿ ಕೇಳುತ್ತಿದ್ದುದು ಕಡಿಮೆ. ಅವನ ಕೋರ್ಸಿನಲ್ಲಿ ಕೇಳುತ್ತಾರೆ, ಮತ್ತು ರಿಪೋರ್ಟಿನ ಜೀವ ಇರುವುದೇ ಆ ಭಾಗದಲ್ಲಿ. ಹಾಗಾಗಿ ಖುಷಿಯಿಂದ ಕೂತೆ. ಒಂದು ಮಾತು ಮೊದಲೇ ಹೇಳಿಕೊಂಡೆ: ನಾನು ಪ್ರಶ್ನೆ ಕೇಳುತ್ತೇನೆ, ವಾಕ್ಯ ಬರೆಯುವವನು ನೀನೇ. ಅವನು ಬರೆದಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

ಪ್ರಯೋಗ ಇಷ್ಟು. 2.00 ಗ್ರಾಂ ಸ್ಯಾಲಿಸಿಲಿಕ್ ಆಸಿಡ್‌ಗೆ 5 ಮಿಲೀಲೀಟರ್ ಅಸಿಟಿಕ್ ಅನ್‌ಹೈಡ್ರೈಡ್, ಕೆಲವು ಹನಿ ಗಾಢ ಸಲ್ಫ್ಯೂರಿಕ್ ಆಸಿಡ್ ಹಾಕಿ, ಬಿಸಿನೀರಿನ ಬಾತ್‌ನಲ್ಲಿ 15 ನಿಮಿಷ ಇಡಬೇಕು. ಆಮೇಲೆ 50 ಮಿಲೀಲೀಟರ್ ತಣ್ಣೀರು ಹಾಕಿ ಐಸ್‌ನಲ್ಲಿ ಇಟ್ಟರೆ ಬಿಳಿ ಹರಳು ಕೂರುತ್ತದೆ. ಬ್ಯುಕ್ನರ್ ಫನಲ್‌ನಲ್ಲಿ ಸೋಸಿ, ಸ್ವಲ್ಪ ಐಸ್ ನೀರಲ್ಲಿ ತೊಳೆದು, ಒಣಗಿಸಿ ತೂಗಬೇಕು. ಮೊದಲ ವರ್ಷದ ಲ್ಯಾಬ್ ಆದ್ದರಿಂದ ಮತ್ತೆ ಕರಗಿಸಿ ಹರಳು ಮಾಡಿ ಶುದ್ಧ ಮಾಡುವ ಹಂತ ಇರಲಿಲ್ಲ.

ಲೆಕ್ಕದ ಪ್ರಕಾರ 2.00 ಗ್ರಾಂ ಸ್ಯಾಲಿಸಿಲಿಕ್ ಆಸಿಡ್ ಪೂರ್ತಿ ಆಸ್ಪಿರಿನ್ ಆದರೆ 2.61 ಗ್ರಾಂ ಸಿಗಬೇಕು. ಒಂದರ ಅಣುತೂಕ 138, ಇನ್ನೊಂದರದ್ದು 180, ಅದಕ್ಕೇ ತೂಕ ಹೆಚ್ಚುತ್ತದೆ. ಅವನಿಗೆ ಸಿಕ್ಕಿದ್ದು 2.94 ಗ್ರಾಂ, ಅಂದರೆ ಸಿಗಬೇಕಾದ್ದರ 113 ಪರ್ಸೆಂಟ್. ಮೆಲ್ಟಿಂಗ್ ಪಾಯಿಂಟ್ 124ರಿಂದ 130 ಡಿಗ್ರಿ ಬಂದಿತ್ತು. ಶುದ್ಧ ಆಸ್ಪಿರಿನ್ ಸುಮಾರು 135 ಡಿಗ್ರಿಗೆ ಕರಗುತ್ತದೆ. ಫೆರಿಕ್ ಕ್ಲೋರೈಡ್ ಹನಿ ಹಾಕಿದಾಗ ತಿಳಿ ನೇರಳೆ ಬಣ್ಣ ಬಂದಿತ್ತು. ಸ್ಯಾಲಿಸಿಲಿಕ್ ಆಸಿಡ್ ಉಳಿದಿದ್ದರೆ ಆ ಬಣ್ಣ ಬರುತ್ತದೆ.

ಅವನ ಮೊದಲ ಡಿಸ್ಕಷನ್ ಹೀಗಿತ್ತು:

"ನಮ್ಮ ಇಳುವರಿ 113 ಪರ್ಸೆಂಟ್ ಬಂತು. ಇದು ನಿರೀಕ್ಷೆಗಿಂತ ಜಾಸ್ತಿ. ಇದಕ್ಕೆ ಮಾನವ ದೋಷ ಕಾರಣ ಇರಬಹುದು. ಹರಳನ್ನು ಫ್ಲಾಸ್ಕ್‌ನಿಂದ ಫನಲ್‌ಗೆ ಹಾಕುವಾಗ ಸ್ವಲ್ಪ ನಷ್ಟವಾಯಿತು. ಅಸಿಟಿಕ್ ಅನ್‌ಹೈಡ್ರೈಡ್ ಸ್ವಲ್ಪ ಜಾಸ್ತಿ ಬಿದ್ದಿರಬಹುದು. ತಕ್ಕಡಿಯಲ್ಲಿ ದೋಷ ಇದ್ದಿರಬಹುದು. ಫ್ಲಾಸ್ಕ್ ಒದ್ದೆ ಇದ್ದಿರಬಹುದು. ನೇರಳೆ ಬಣ್ಣ ಬಂದಿದ್ದರಿಂದ ಉತ್ಪನ್ನ ಶುದ್ಧವಿಲ್ಲ ಎಂದು ಸಾಬೀತಾಯಿತು. ಮುಂದಿನ ಸಲ ಹೆಚ್ಚು ಜಾಗರೂಕತೆಯಿಂದ, ಉತ್ತಮ ಉಪಕರಣ ಬಳಸಿ ಮಾಡಬೇಕು."

ಓದಿದರೆ ತಪ್ಪು ಕಾಣುವುದಿಲ್ಲ, ಅಲ್ವಾ? ಎಲ್ಲವೂ ಲ್ಯಾಬಿನಲ್ಲಿ ಆಗುವಂಥದ್ದೇ. ಆದರೆ ಎರಡನೇ ಸಲ ನಿಧಾನವಾಗಿ ಓದಿದರೆ ಒಂದು ವಾಕ್ಯವೂ 113 ಯಾಕೆ ಬಂತು ಅಂತ ಹೇಳುತ್ತಿಲ್ಲ.

ನಾನು ಕೇಳಿದ ಮೊದಲ ಪ್ರಶ್ನೆ: "ಹರಳು ಫ್ಲಾಸ್ಕ್‌ನಲ್ಲೇ ಉಳಿದುಹೋದರೆ ನಿನ್ನ ತೂಕ ಜಾಸ್ತಿ ಆಗುತ್ತೋ ಕಡಿಮೆ ಆಗುತ್ತೋ?"

ಸ್ವಲ್ಪ ಹೊತ್ತು ಉತ್ತರ ಇಲ್ಲ. ಆಮೇಲೆ, "ಅಯ್ಯೋ. ಕಡಿಮೆ ಆಗುತ್ತೆ."

ಇಡೀ ತಿದ್ದುವಿಕೆಯ ಕೀಲಿ ಇದೇ. ಪ್ರತಿ ದೋಷಕ್ಕೂ ಒಂದು ದಿಕ್ಕು ಇದೆ. ಅದು ಉತ್ತರವನ್ನು ಮೇಲಕ್ಕೆ ಒಯ್ಯುತ್ತದೆ ಅಥವಾ ಕೆಳಕ್ಕೆ ಎಳೆಯುತ್ತದೆ. ಹರಳು ನಷ್ಟವಾಗಿದ್ದು ನಿಜವೇ ಇರಬಹುದು, ಆದರೆ ಅದು ಕೆಳಕ್ಕೆ ಎಳೆಯುವ ದೋಷ. ಬಂದ ಉತ್ತರ ಮೇಲಿದೆ. ಅಂದರೆ ಆ ವಾಕ್ಯ ಅವನ ಕಷ್ಟವನ್ನು ಬಗೆಹರಿಸುವ ಬದಲು ಹೆಚ್ಚು ಮಾಡುತ್ತದೆ: ನಷ್ಟ ಆದಮೇಲೂ 113 ಬಂದಿದೆ ಅಂದರೆ, ಸೇರಿಕೊಂಡಿರುವ ಬೇರೆ ವಸ್ತು ಇನ್ನೂ ಜಾಸ್ತಿ ಇರಬೇಕು. ಮೊದಲ ವರ್ಷದ ರಿಪೋರ್ಟುಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದು. ಮಕ್ಕಳು ದೋಷಗಳ ಪಟ್ಟಿಯನ್ನು ಕಂಠಪಾಠ ಮಾಡಿಕೊಂಡು ಬಂದು ಪ್ರತಿ ಪ್ರಯೋಗಕ್ಕೂ ಅದನ್ನೇ ಅಂಟಿಸುತ್ತಾರೆ.

ಹಾಗಾಗಿ ಅವನಿಗೆ ಹೇಳಿದೆ: ನಿನ್ನ ಪ್ರತಿ ಕಾರಣಕ್ಕೂ ಮೂರು ವಿಷಯ ನೋಡು. ಅದು ಯಾವ ಕಡೆ ಎಳೆಯುತ್ತೆ? ಎಷ್ಟು ಎಳೆಯಬಲ್ಲದು? ಆಗಿದೆ ಅನ್ನೋದಕ್ಕೆ ನಿನ್ನ ನೋಟ್‌ಬುಕ್‌ನಲ್ಲಿ ಏನಿದೆ?

ತಕ್ಕಡಿಯಿಂದ ಶುರು ಮಾಡಿದೆವು. ಅವನು ಬಳಸಿದ ತಕ್ಕಡಿ 0.01 ಗ್ರಾಂವರೆಗೆ ತೋರಿಸುತ್ತದೆ. ಅದರ ಏರುಪೇರು 0.01 ಅಥವಾ 0.02 ಗ್ರಾಂ ಅಂದುಕೊಂಡರೂ 2.94ರಲ್ಲಿ ಅದು ಒಂದು ಪರ್ಸೆಂಟ್ ಕೂಡ ಆಗುವುದಿಲ್ಲ. ವಿವರಿಸಬೇಕಾದ ಹೆಚ್ಚುವರಿ 13 ಪರ್ಸೆಂಟ್. ತಕ್ಕಡಿಯನ್ನು ಪಟ್ಟಿಯಿಂದ ತೆಗೆದೆವು.

ಅಸಿಟಿಕ್ ಅನ್‌ಹೈಡ್ರೈಡ್ ಜಾಸ್ತಿ ಬಿದ್ದಿರಬಹುದು ಅನ್ನುವುದು ಇನ್ನೂ ಸುಲಭ. 5 ಮಿಲೀಲೀಟರ್‌ನಲ್ಲಿ ಸುಮಾರು 0.053 ಮೋಲ್ ಇದೆ, ಸ್ಯಾಲಿಸಿಲಿಕ್ ಆಸಿಡ್ ಇರುವುದು 0.0145 ಮೋಲ್. ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ಅದು ಬೇಕೆಂದೇ ಹಾಕಿರುವುದು. ಇಳುವರಿ ತೀರ್ಮಾನ ಆಗುವುದು ಸ್ಯಾಲಿಸಿಲಿಕ್ ಆಸಿಡ್‌ನಿಂದ. ಅನ್‌ಹೈಡ್ರೈಡ್ ಇನ್ನೂ ಅರ್ಧ ಮಿಲೀಲೀಟರ್ ಬಿದ್ದಿದ್ದರೂ ಆಸ್ಪಿರಿನ್ ಅದರಿಂದ 2.61 ಗ್ರಾಂ ದಾಟುವುದಿಲ್ಲ.

ಒದ್ದೆ ಫ್ಲಾಸ್ಕ್ ವಿಷಯ ಸ್ವಲ್ಪ ಯೋಚಿಸಬೇಕಾದ್ದು. ನೀರು ಅನ್‌ಹೈಡ್ರೈಡನ್ನು ತಿನ್ನುತ್ತದೆ, ಹಾಗಾಗಿ ಇದೂ ಕೆಳಕ್ಕೆ ಎಳೆಯುವ ದೋಷ. ಎಷ್ಟು? ಒಂದು ಮಿಲೀಲೀಟರ್ ನೀರು ಉಳಿದಿದ್ದರೆ ಅದು 0.055 ಮೋಲ್, ಅಂದರೆ ಹಾಕಿದ ಅನ್‌ಹೈಡ್ರೈಡ್ ಪೂರ್ತಿ ಹಾಳಾಗಲು ಸಾಕು. ಆದರೆ ಒಂದು ಹನಿ ಅಂದರೆ ಅದರ ಇಪ್ಪತ್ತನೇ ಒಂದು ಭಾಗ, ಅಷ್ಟು ಹಾಳಾದರೂ ಬೇಕಾದಷ್ಟು ಮಿಕ್ಕಿರುತ್ತದೆ. ಅವನ ನೋಟ್‌ಬುಕ್‌ನಲ್ಲಿ "ಒಣ ಫ್ಲಾಸ್ಕ್" ಅಂತಲೇ ಬರೆದಿತ್ತು. "ಮತ್ತೆ ಒದ್ದೆ ಅಂತ ಯಾಕೆ ಬರೆದೆ?" ಅಂದೆ. "ಎಲ್ರೂ ಬರೀತಾರೆ ಚಿಕ್ಕಮ್ಮಾ" ಅಂದ. ಅದೂ ಹೋಯಿತು.

ಈಗ ಪಟ್ಟಿಯಲ್ಲಿ ಉಳಿದಿದ್ದು ಏನೂ ಇಲ್ಲ. ಇಲ್ಲಿಂದ ನಿಜವಾದ ಹುಡುಕಾಟ.

ತೂಕ ಜಾಸ್ತಿ ಬರಬೇಕಾದರೆ ವಾಚ್ ಗ್ಲಾಸ್ ಮೇಲೆ ಆಸ್ಪಿರಿನ್ ಅಲ್ಲದ್ದು ಏನೋ ಇರಬೇಕು. ಏನೇನು ಇರಬಹುದು? ಅವನಿಗೆ ತಕ್ಷಣ ಹೊಳೆದಿದ್ದು ನೇರಳೆ ಬಣ್ಣ. "ಸ್ಯಾಲಿಸಿಲಿಕ್ ಆಸಿಡ್ ಉಳಿದಿದೆ ಅಲ್ವಾ, ಅದೇ ತೂಕ ಜಾಸ್ತಿ ಮಾಡಿದೆ!" ಕೇಳಲು ಸರಿಯಾಗೇ ಇದೆ. ಆದರೆ ಲೆಕ್ಕ ಹಾಕಿ ನೋಡಲು ಹೇಳಿದೆ. ಒಂದು ಪಕ್ಷ ಪ್ರತಿಕ್ರಿಯೆ ನಡೆಯಲೇ ಇಲ್ಲ, 2.00 ಗ್ರಾಂ ಸ್ಯಾಲಿಸಿಲಿಕ್ ಆಸಿಡ್ ಹಾಗೇ ವಾಪಸ್ ಬಂತು ಅಂದುಕೋ. ಅದನ್ನು 2.61ರಿಂದ ಭಾಗಿಸಿದರೆ 77 ಪರ್ಸೆಂಟ್. ಅರ್ಧ ಪ್ರತಿಕ್ರಿಯೆ ಆಗಿ ಎಲ್ಲವೂ ಸಿಕ್ಕಿದರೆ 77 ಮತ್ತು 100ರ ಮಧ್ಯೆ. ಅದು ಉಳಿದಷ್ಟೂ ತೂಕ ಕಡಿಮೆಯಾಗುತ್ತದೆ, ಯಾಕೆಂದರೆ ಅದರ ಅಣು ಆಸ್ಪಿರಿನ್ ಅಣುವಿಗಿಂತ ಹಗುರ. ಹಾಗಾಗಿ ನೇರಳೆ ಬಣ್ಣ ಬೇರೆ ಒಂದು ವಿಷಯ ಹೇಳುತ್ತಿದೆ, 113 ಬೇರೆ ವಿಷಯ ಹೇಳುತ್ತಿದೆ. ಎರಡನ್ನೂ ಒಂದೇ ಕಾರಣಕ್ಕೆ ಕಟ್ಟಿಹಾಕಿದ್ದರೆ ರಿಪೋರ್ಟ್ ತಪ್ಪಾಗುತ್ತಿತ್ತು. ಈ ಲೆಕ್ಕ ನೋಡಿ ಅವನಿಗೆ ಆದ ಆಶ್ಚರ್ಯ ನನಗೆ ತುಂಬಾ ಇಷ್ಟವಾಯಿತು.

ಇನ್ನೊಂದು ಸಾಧ್ಯತೆ ಅವನೇ ತಂದ. ಫಿಲ್ಟರ್ ಪೇಪರ್ ತೂಕ ಕಳೆಯುವುದನ್ನು ಮರೆತಿದ್ದರೆ? 7 ಸೆಂಟಿಮೀಟರ್ ಅಗಲದ ವಾಟ್‌ಮನ್ 1ನೇ ನಂಬರ್ ಪೇಪರ್ ತೂಕ ಸುಮಾರು 0.33 ಗ್ರಾಂ. ಅವನ ಹೆಚ್ಚುವರಿಯೂ ಸರಿಯಾಗಿ 0.33! "ಸಿಕ್ತು" ಅಂದ. ಇಲ್ಲಿ ಎಚ್ಚರ ಬೇಕು. ಅಂಕಿ ತಾಳೆಯಾಯಿತು ಅಂತ ಕಾರಣ ಸಿಕ್ಕಂತಲ್ಲ. ಪೇಪರ್ ಒಂದೇ ಕಾರಣ ಆಗಬೇಕಾದರೆ ಉಳಿದ 2.61 ಗ್ರಾಂ ಪೂರ್ತಿ ಆಸ್ಪಿರಿನ್ ಆಗಿರಬೇಕು, ಅಂದರೆ ಒಂದು ಹರಳೂ ಕಳೆಯದೆ ನೂರಕ್ಕೆ ನೂರು ಇಳುವರಿ. ಅದು ಮೊದಲ ವರ್ಷದ ಲ್ಯಾಬಲ್ಲಿ ಬಿಡಿ, ಯಾರ ಕೈಯಲ್ಲೂ ಆಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನೋಟ್‌ಬುಕ್ ತೆಗೆದು ನೋಡಿದರೆ "ವಾಚ್ ಗ್ಲಾಸ್ + ಪೇಪರ್" ಅಂತ ಖಾಲಿ ತೂಕ ಬರೆದಿತ್ತು, ಕಳೆದೂ ಇತ್ತು. ಆದರೆ ಆ ಪೇಪರ್ ತೂಗಿದ್ದು ಒಣಗಿದ್ದಾಗ. ಹರಳಿನ ಜೊತೆ ತೂಗಿದಾಗ ಅದು ಒದ್ದೆಯಾಗಿತ್ತು.

"ಎಷ್ಟು ಹೊತ್ತು ಒಣಗಿಸಿದೆ?" ಅಂತ ಕೇಳಿದೆ. "ಸಕ್ಷನ್ ಹಚ್ಚಿ ಐದು ನಿಮಿಷ. ಲ್ಯಾಬ್ ಮುಗಿಯೋ ಟೈಮ್ ಆಗಿತ್ತು." ಹರಳು ಹೇಗಿತ್ತು? "ಮುದ್ದೆ ಮುದ್ದೆಯಾಗಿ ಚಮಚಕ್ಕೆ ಅಂಟ್ಕೊತಿತ್ತು." ವಾಸನೆ? "ವಿನೆಗರ್ ಥರ."

ಈ ಮೂರೂ ಉತ್ತರ ಅವನ ಡಿಸ್ಕಷನ್‌ನಲ್ಲಿ ಇರಲೇ ಇಲ್ಲ! ವಿನೆಗರ್ ವಾಸನೆ ಅಂದರೆ ಅಸಿಟಿಕ್ ಆಸಿಡ್. ಮಿಕ್ಕ ಅನ್‌ಹೈಡ್ರೈಡಿಗೆ ನೀರು ಹಾಕಿದಾಗ ಹುಟ್ಟುವುದು ಅದೇ. ಅದೂ ನೀರೂ ಹರಳಿನ ಸಂದಿಯಲ್ಲಿ, ಪೇಪರಿನಲ್ಲಿ ಕೂತಿದ್ದವು. ಮಕ್ಕಳಿಗೆ ತೂಕ, ತಾಪಮಾನ ಮಾತ್ರ ಡೇಟಾ ಅನಿಸುತ್ತದೆ. ಅಂಟುವುದು, ವಾಸನೆ, ಬಣ್ಣ ಇವೂ ಡೇಟಾನೇ. ನೋಟ್‌ಬುಕ್‌ನಲ್ಲಿ ಆಗಲೇ ಬರೆದಿದ್ದರೆ ಡಿಸ್ಕಷನ್ ಅರ್ಧ ಅಲ್ಲೇ ಮುಗಿದಿರುತ್ತಿತ್ತು.

ಅದೃಷ್ಟಕ್ಕೆ ಸ್ಯಾಂಪಲ್ ಇನ್ನೂ ಅವನ ಲ್ಯಾಬ್ ಡ್ರಾಯರಿನಲ್ಲಿತ್ತು, ರಿಪೋರ್ಟ್ ಕೊಡಬೇಕಾಗಿದ್ದು ಮುಂದಿನ ಲ್ಯಾಬ್ ಆದ ಮೇಲೆ. ಮತ್ತೆ ತೂಗಬಹುದಾ ಅಂತ ಲ್ಯಾಬಿನವರನ್ನು ಕೇಳು ಅಂದೆ. ಕೇಳಿದ, ಒಪ್ಪಿದರು. ಒಂದು ವಾರ ಗಾಳಿಗೆ ಒಣಗಿದ ಅದೇ ಹರಳು, ಅದೇ ಪೇಪರ್, ಅದೇ ವಾಚ್ ಗ್ಲಾಸ್: 2.21 ಗ್ರಾಂ. ವಿನೆಗರ್ ವಾಸನೆ ಇಲ್ಲ, ಹರಳು ಪುಡಿಪುಡಿಯಾಗಿ ಉದುರುತ್ತಿತ್ತು. ಮೆಲ್ಟಿಂಗ್ ಪಾಯಿಂಟ್ ಇನ್ನೊಂದು ಸಲ ತೆಗೆದ: 130ರಿಂದ 133. ನೇರಳೆ ಬಣ್ಣ ಮಾತ್ರ ಹಾಗೇ ಬಂತು.

ಅಂದರೆ ಮೊದಲ ದಿನ ತೂಗಿದ 2.94ರಲ್ಲಿ 0.73 ಗ್ರಾಂ, ಹೆಚ್ಚುಕಡಿಮೆ ಕಾಲು ಭಾಗ, ನೀರು ಮತ್ತು ಅಸಿಟಿಕ್ ಆಸಿಡ್. ಅವನು ಬರೀ 0.33 ಗ್ರಾಂ ಹೆಚ್ಚುವರಿಯನ್ನು ಹುಡುಕುತ್ತಿದ್ದ. ಗಮನಿಸಿ, 100ಕ್ಕಿಂತ ಮೇಲೆ ಎಷ್ಟು ಬಂತೋ ಅಷ್ಟೇ ನೀರು ಅಂತ ತಿಳಿಯಬಾರದು. ನಿಜವಾದ ಇಳುವರಿ 100ಕ್ಕಿಂತ ಕೆಳಗಿರುತ್ತದೆ, ನೀರು ಆ ಹಳ್ಳವನ್ನೂ ತುಂಬಿ ಮೇಲೆ ಹರಿದಿರುತ್ತದೆ. 105 ಬಂದಿದ್ದರೂ, ಅಷ್ಟೇ ಏಕೆ 92 ಬಂದಿದ್ದರೂ ಹರಳು ಒದ್ದೆಯಾಗಿರಬಹುದು. 92 ಬಂದಿದ್ದರೆ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ ಅನ್ನುವುದು ನನ್ನನ್ನು ಯಾವಾಗಲೂ ಕಾಡುವ ವಿಷಯ.

ಹೊಸ ಇಳುವರಿ 85 ಪರ್ಸೆಂಟ್. ಈಗ ವಿವರಿಸಬೇಕಾದ ಪ್ರಶ್ನೆಯೇ ಬದಲಾಯಿತು: 15 ಪರ್ಸೆಂಟ್ ಎಲ್ಲಿ ಹೋಯಿತು? ಮೊದಲು ನಾವು ಹೊಡೆದುಹಾಕಿದ "ವರ್ಗಾಯಿಸುವಾಗ ನಷ್ಟ" ಈಗ ಹಕ್ಕಿನಿಂದ ವಾಪಸ್ ಬಂತು, ಯಾಕೆಂದರೆ ಈಗ ಅದರ ದಿಕ್ಕು ಸರಿ ಇದೆ. ಆದರೂ ಪ್ರಮಾಣ ಕೇಳಿದೆ. ಫ್ಲಾಸ್ಕ್ ಗೋಡೆಗೆ ಅಂಟಿದ್ದು ಕಣ್ಣಿಗೆ ಕಾಣುವಷ್ಟಿತ್ತು ಅಂದ, ತೂಗಿರಲಿಲ್ಲ. ಸೋಸಿದ ನೀರಿನಲ್ಲಿ ಕರಗಿಹೋಗಿದ್ದನ್ನು ಅಂದಾಜು ಮಾಡಬಹುದು. ಕೋಣೆಯ ತಾಪಮಾನದಲ್ಲಿ 100 ಮಿಲೀಲೀಟರ್ ನೀರಿಗೆ ಸುಮಾರು 0.3 ಗ್ರಾಂ ಆಸ್ಪಿರಿನ್ ಕರಗುತ್ತದೆ. ಅವನು ಬಳಸಿದ್ದು ತೊಳೆದದ್ದೂ ಸೇರಿ 60 ಮಿಲೀಲೀಟರ್, ಅಂದರೆ 0.18 ಗ್ರಾಂ ಆಗುತ್ತದೆ. ಐಸ್‌ನಲ್ಲಿ ಇದ್ದಿದ್ದರಿಂದ ಅದಕ್ಕಿಂತ ಕಡಿಮೆ ಇರಬೇಕು, ಆದರೆ ಜೊತೆಗಿರುವ ಅಸಿಟಿಕ್ ಆಸಿಡ್ ಸ್ವಲ್ಪ ಜಾಸ್ತಿ ಕರಗಿಸುತ್ತದೆ. ಕಾಣೆಯಾದ 0.40 ಗ್ರಾಂನಲ್ಲಿ ಇದೊಂದು ಗಣನೀಯ ಪಾಲು, ಅಷ್ಟು ಹೇಳಿದರೆ ಸಾಕು.

ನೇರಳೆ ಬಣ್ಣಕ್ಕೆ ಕಾರಣ ನೋಟ್‌ಬುಕ್‌ನಲ್ಲೇ ಇತ್ತು. ಹಾಟ್ ಪ್ಲೇಟನ್ನು ಪಕ್ಕದ ಗುಂಪಿನ ಜೊತೆ ಹಂಚಿಕೊಂಡಿದ್ದರು, ಬಾತ್ 75 ಡಿಗ್ರಿ ಇರಬೇಕಾಗಿದ್ದು ಮಧ್ಯದಲ್ಲಿ 56ಕ್ಕೆ ಇಳಿದಿತ್ತು ಅಂತ ಒಂದು ಮೂಲೆಯಲ್ಲಿ ಗೀಚಿದ್ದ. ಪ್ರತಿಕ್ರಿಯೆ ಪೂರ್ತಿಯಾಗದೆ ಸ್ಯಾಲಿಸಿಲಿಕ್ ಆಸಿಡ್ ಉಳಿದಿರುವ ಸಾಧ್ಯತೆ ಇದೆ. ಒದ್ದೆ ಆಸ್ಪಿರಿನ್ ಒಂದು ವಾರದಲ್ಲಿ ನಿಧಾನವಾಗಿ ಒಡೆದೂ ಸ್ಯಾಲಿಸಿಲಿಕ್ ಆಸಿಡ್ ಆಗಬಹುದು, ಆದರೆ ಬಣ್ಣ ಮೊದಲ ದಿನವೇ ಬಂದಿತ್ತು. ಹಾಗಾಗಿ ವಾರದ ಒಡೆಯುವಿಕೆಯೊಂದೇ ಕಾರಣ ಅಲ್ಲ. ಇನ್ನೊಂದು ಮಿತಿ: ಫೆರಿಕ್ ಕ್ಲೋರೈಡ್ ಪರೀಕ್ಷೆ ತುಂಬಾ ಸೂಕ್ಷ್ಮ. ಚಿಟಿಕೆಗಿಂತ ಕಡಿಮೆ ಇದ್ದರೂ ಬಣ್ಣ ಕೊಡುತ್ತದೆ. ಇದೆ ಅನ್ನಬಹುದು, ಎಷ್ಟಿದೆ ಅನ್ನಲಾಗುವುದಿಲ್ಲ.

ಮೆಲ್ಟಿಂಗ್ ಪಾಯಿಂಟ್ ಬಗ್ಗೆ ಅವನಲ್ಲಿ ಒಂದು ತಪ್ಪು ತಿಳಿವಳಿಕೆ ಇತ್ತು. ಸ್ಯಾಲಿಸಿಲಿಕ್ ಆಸಿಡ್ 159 ಡಿಗ್ರಿಗೆ ಕರಗುತ್ತದೆ, ಅದು ಬೆರೆತರೆ ಮೆಲ್ಟಿಂಗ್ ಪಾಯಿಂಟ್ ಮೇಲೆ ಹೋಗಬೇಕಲ್ವಾ ಅಂತ. ಇಲ್ಲ. ಬೆರಕೆ ತಾನು ಎಷ್ಟೇ ಮೇಲೆ ಕರಗಲಿ, ಸ್ವಲ್ಪ ಪ್ರಮಾಣದಲ್ಲಿ ಬೆರೆತಾಗ ಮುಖ್ಯ ವಸ್ತುವಿನ ಕರಗುವ ಬಿಂದುವನ್ನು ಕೆಳಕ್ಕೆ ತಳ್ಳುತ್ತದೆ, ಶ್ರೇಣಿಯನ್ನು ಅಗಲ ಮಾಡುತ್ತದೆ. ಐಸ್‌ಗೆ ಉಪ್ಪು ಬೆರೆಸಿದಾಗ ಆಗುವುದೂ ಇದೇ. ಒಣಗಿದ ಮೇಲೆ 124–130 ಇದ್ದದ್ದು 130–133 ಆಯಿತು: ಅಗಲ ಆರು ಡಿಗ್ರಿಯಿಂದ ಮೂರಕ್ಕೆ ಇಳಿಯಿತು, ಅಂದರೆ ಒಂದು ಬೆರಕೆ ಹೋಯಿತು. ಆದರೆ 135 ಮುಟ್ಟಲಿಲ್ಲ, ಅಂದರೆ ಇನ್ನೊಂದು ಉಳಿದಿದೆ. ಎರಡು ಕಾರಣ ಬೇರೆ ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಅವನ ಬಳಿ ಇರಲಿಲ್ಲ. ಆಸ್ಪಿರಿನ್ ಬಿಸಿಗೆ ಒಡೆಯುವ ವಸ್ತು, ಕಾಯಿಸುವ ವೇಗಕ್ಕೆ ತಕ್ಕಂತೆ ಒಂದೆರಡು ಡಿಗ್ರಿ ಆಚೀಚೆ ಬರುತ್ತದೆ, ಅದನ್ನೂ ಒಂದು ವಾಕ್ಯದಲ್ಲಿ ಸೇರಿಸಿಕೊಂಡ.

ಮೂರನೇ ಸಲ ತಿದ್ದಿ ಅವನು ಬರೆದಿದ್ದರ ಮುಖ್ಯ ಭಾಗ ಇದು:

"ಮೊದಲ ದಿನ ತೂಗಿದಾಗ ಕಚ್ಚಾ ಉತ್ಪನ್ನ 2.94 ಗ್ರಾಂ ಇತ್ತು, ಅಂದರೆ 113 ಪರ್ಸೆಂಟ್. ಆಸ್ಪಿರಿನ್ ಮಾತ್ರ ಇದ್ದರೆ ಇದು ಸಾಧ್ಯವಿಲ್ಲ. ಐದು ನಿಮಿಷ ಮಾತ್ರ ಸಕ್ಷನ್ ಹಾಕಿದ್ದೆ. ಹರಳು ಅಂಟುತ್ತಿತ್ತು, ವಿನೆಗರ್ ವಾಸನೆ ಇತ್ತು. ಒಂದು ವಾರ ಒಣಗಿದ ನಂತರ ಅದು 2.21 ಗ್ರಾಂ ಆಯಿತು, 85 ಪರ್ಸೆಂಟ್. ಹಾಗಾಗಿ ಮೊದಲ ತೂಕದ ಸುಮಾರು ಕಾಲು ಭಾಗ ನೀರು ಮತ್ತು ಅಸಿಟಿಕ್ ಆಸಿಡ್ ಆಗಿತ್ತು. ಉಳಿದ ಸ್ಯಾಲಿಸಿಲಿಕ್ ಆಸಿಡ್ ಈ ಹೆಚ್ಚಿನ ತೂಕಕ್ಕೆ ಕಾರಣವಾಗಲಾರದು, ಏಕೆಂದರೆ ಪೂರ್ತಿ ಉಳಿದಿದ್ದರೂ ಅದು 77 ಪರ್ಸೆಂಟ್ ಮಾತ್ರ ಆಗುತ್ತಿತ್ತು. ಆದರೆ ಫೆರಿಕ್ ಕ್ಲೋರೈಡಿನ ನೇರಳೆ ಬಣ್ಣ, ಒಣಗಿದ ಮೇಲೂ ಕಡಿಮೆಯೇ ಇರುವ ಮೆಲ್ಟಿಂಗ್ ಪಾಯಿಂಟ್, ಎರಡೂ ಅದು ಸ್ವಲ್ಪ ಉಳಿದಿದೆ ಎಂದು ಸೂಚಿಸುತ್ತವೆ. ಬಾತ್ 56 ಡಿಗ್ರಿಗೆ ಇಳಿದಿದ್ದು ಇದಕ್ಕೆ ಕಾರಣ ಇರಬಹುದು. ಹೀಗಾಗಿ 85 ಪರ್ಸೆಂಟ್ ಕೂಡ ಶುದ್ಧ ಆಸ್ಪಿರಿನ್ನಿನ ಇಳುವರಿಯಲ್ಲ."

"ಸಾಬೀತಾಯಿತು" ಹೋಗಿ "ಸೂಚಿಸುತ್ತವೆ" ಬಂದಿದ್ದನ್ನು ನೋಡಿ. "ಮಾನವ ದೋಷ" ಪೂರ್ತಿ ಹೋಯಿತು. ಆ ಪದ ಯಾರು, ಏನು ಮಾಡಿದರು ಅಂತ ಹೇಳುವುದಿಲ್ಲ. ಐದು ನಿಮಿಷ ಮಾತ್ರ ಒಣಗಿಸಿದೆ ಅನ್ನುವುದು ಹೇಳುತ್ತದೆ. ಜಾಗರೂಕತೆ, ಉತ್ತಮ ಉಪಕರಣ ಅಂತ ಇದ್ದ ಜಾಗದಲ್ಲಿ ಎರಡೇ ವಾಕ್ಯ ಉಳಿದವು: ಎರಡು ಸಲ ತೂಗಿದಾಗ ಒಂದೇ ತೂಕ ಬರುವವರೆಗೆ ಒಣಗಿಸಬೇಕು, ಮತ್ತು ಬಾತ್‌ನಲ್ಲಿ ಥರ್ಮಾಮೀಟರ್ ಇಟ್ಟು 75 ಡಿಗ್ರಿ ಇಳಿಯದಂತೆ ನೋಡಿಕೊಂಡು ಆ ಹೊತ್ತನ್ನು ಲೆಕ್ಕ ಹಾಕಬೇಕು. ಮೇಲೆ ಹೇಳಿದ ಎರಡು ಕಾರಣಗಳಿಗೆ ಎರಡು ಪರಿಹಾರ.

ಕೊನೆಗೆ ಅವನ ಪ್ರಶ್ನೆ: "113 ಅನ್ನೋದನ್ನ ತೆಗೆದು ಬರೀ 85 ಹಾಕಲಾ? ನೋಡೋಕೆ ಚೆನ್ನಾಗಿರುತ್ತೆ." ಬೇಡ ಅಂದೆ. ಎರಡೂ ತೂಕ, ತಾರೀಖಿನ ಸಮೇತ, ಒಂದೇ ಕೋಷ್ಟಕದಲ್ಲಿ ಇರಲಿ. ಒಪ್ಪಿದ. ಒಂದು ಗಂಟೆ ಬಿಟ್ಟು ಅವನಾಗೇ ಇನ್ನೊಂದು ವಾಕ್ಯ ಸೇರಿಸಿ ಕಳಿಸಿದ: "ಒಣಗಿದ ನಂತರ ಒಂದೇ ಸಲ ತೂಗಿದ್ದೇನೆ, ಆದ್ದರಿಂದ 2.21 ಗ್ರಾಂನಲ್ಲಿ ಇನ್ನೂ ಸ್ವಲ್ಪ ತೇವ ಉಳಿದಿರಬಹುದು." ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.